ಸೂತ್ರ ಸರಿ, ಲಿಮಿಟ್ ತಪ್ಪು: ಎರಡು ಯೂನಿಫಾರ್ಮ್ ಕೂಡಿದರೆ ತ್ರಿಕೋನ ಹೇಗೆ ಬರುತ್ತದೆ?

ಪ್ರಶ್ನೆ: ಸರ್, ನಾನು ಬಿ.ಎಸ್ಸಿ. ಸ್ಟ್ಯಾಟಿಸ್ಟಿಕ್ಸ್ ಓದ್ತಾ ಇದ್ದೀನಿ. X, Y ಎರಡೂ 0 ಯಿಂದ 1 ರವರೆಗಿನ ಯೂನಿಫಾರ್ಮ್, ಎರಡೂ ಸ್ವತಂತ್ರ. Z = X + Y ಗೆ ಡೆನ್ಸಿಟಿ ಬೇಕು. ಕನ್ವಲ್ಯೂಷನ್ ಸೂತ್ರಕ್ಕೆ ಹಾಕಿದೆ. ಎರಡೂ ಡೆನ್ಸಿಟಿ 1 ಅಲ್ವಾ, ಹಾಗಾಗಿ 1 × 1 ಅನ್ನು 0 ಯಿಂದ 1 ರವರೆಗೆ ಇಂಟಿಗ್ರೇಟ್ ಮಾಡಿದ್ರೆ 1 ಬಂತು. ಪುಸ್ತಕದಲ್ಲಿ ತ್ರಿಕೋನ ಅಂತ ಇದೆ. z ಒಂದು ದಾಟಿದ ಮೇಲೆ ಲಿಮಿಟ್ z − 1 ರಿಂದ 1 ಅಂತ ಬೇರೆ ಕೊಟ್ಟಿದ್ದಾರೆ. ಅದು ಎಲ್ಲಿಂದ ಬಂತು?

ಉತ್ತರ: ಮೊದಲು ನಿಮಗೆ ಬಂದ ಉತ್ತರವನ್ನೇ ಒಂದು ಸಣ್ಣ ಪರೀಕ್ಷೆಗೆ ಹಾಕೋಣ. Z ಕನಿಷ್ಠ 0, ಗರಿಷ್ಠ 2. ಈ ಉದ್ದಕ್ಕೂ ಡೆನ್ಸಿಟಿ 1 ಇದ್ದರೆ ಅದರ ಕೆಳಗಿನ ವಿಸ್ತೀರ್ಣ 2 ಆಗುತ್ತದೆ. ಡೆನ್ಸಿಟಿಯ ಕೆಳಗಿನ ವಿಸ್ತೀರ್ಣ 1 ಇರಲೇಬೇಕು. ಅಂದರೆ ಎಲ್ಲೋ ಒಂದು ಕಡೆ ಲೆಕ್ಕಕ್ಕೆ ಬರಬಾರದ್ದು ಲೆಕ್ಕಕ್ಕೆ ಬಂದಿದೆ. ಈ ಪರೀಕ್ಷೆಗೆ ಹತ್ತು ಸೆಕೆಂಡು ಸಾಕು. ಕನ್ವಲ್ಯೂಷನ್ ಲೆಕ್ಕ ಮಾಡಿದಾಗಲೆಲ್ಲ ಇದನ್ನು ಮಾಡಿ ನೋಡಿ, ಲಿಮಿಟ್ ತಪ್ಪಿದ್ದರೆ ಬಹುತೇಕ ಇಲ್ಲೇ ಸಿಕ್ಕಿಬೀಳುತ್ತದೆ.

ತಪ್ಪು ಇರುವುದು "ಎರಡೂ ಡೆನ್ಸಿಟಿ 1" ಎಂಬ ಮಾತಿನಲ್ಲಿ. ಅದು ಅರ್ಧ ಮಾತು ಅಷ್ಟೇ. ಯೂನಿಫಾರ್ಮ್ ಡೆನ್ಸಿಟಿ 0 ಮತ್ತು 1 ರ ನಡುವೆ 1, ಅದರ ಆಚೆ ಈಚೆ ಸೊನ್ನೆ. ಆ ಸೊನ್ನೆಯ ಭಾಗವನ್ನು ನಾವು ಬರೆಯುವಾಗ ಬಿಟ್ಟುಬಿಡುತ್ತೇವೆ. ಒಂದೇ ವೇರಿಯಬಲ್ ಇದ್ದಾಗ ಬಿಟ್ಟರೂ ನಡೆಯುತ್ತದೆ. ಎರಡನ್ನು ಕೂಡುವಾಗ ಇಡೀ ಲೆಕ್ಕ ನಿಂತಿರುವುದೇ ಆ ಸೊನ್ನೆಯ ಮೇಲೆ.

ಸೂತ್ರವನ್ನು ಒಮ್ಮೆ ಎದುರಿಗೆ ಇಟ್ಟುಕೊಳ್ಳೋಣ:

f_Z(z) = ∫ f_X(x) · f_Y(z − x) dx

ಇದು ಹೇಳುವುದು ಇಷ್ಟು. ಮೊತ್ತ z ಆಗಬೇಕಾದರೆ X ಯಾವುದೋ ಒಂದು x ಆಗಬೇಕು, ಆಗ Y ಗೆ ಬೇರೆ ಆಯ್ಕೆ ಇಲ್ಲ, ಅದು z − x ಆಗಲೇಬೇಕು. ಹೀಗೆ z ಆಗುವ ದಾರಿಗಳನ್ನೆಲ್ಲ ಕೂಡಿಸು ಎನ್ನುತ್ತದೆ ಸೂತ್ರ. x 0 ಮತ್ತು 1 ರ ನಡುವೆ ಇರಬೇಕು ಎಂಬುದನ್ನು ನೀವು ನೋಡಿಕೊಂಡಿದ್ದೀರಿ. z − x ಕೂಡ 0 ಮತ್ತು 1 ರ ನಡುವೆಯೇ ಇರಬೇಕು ಎಂಬುದನ್ನು ನೋಡಿಕೊಂಡಿಲ್ಲ. ಬಿಟ್ಟುಹೋದದ್ದು ಅದೊಂದೇ.

ಇದು ದಾಳದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಲೂಡೋ ಆಡುವ ಮಾಮೂಲಿ ಆರು ಮುಖದ ದಾಳ ಎರಡು ತಗೊಳ್ಳಿ. ಮೊತ್ತ 9 ಆಗಬೇಕು. ಮೊದಲ ದಾಳದಲ್ಲಿ 1 ಬಿದ್ದರೆ ಎರಡನೆಯದರಲ್ಲಿ 8 ಬೀಳಬೇಕು. ದಾಳದಲ್ಲಿ 8 ಎಲ್ಲಿದೆ? 2 ಬಿದ್ದರೆ 7 ಬೇಕು, ಅದೂ ಇಲ್ಲ. 3 ಬಿದ್ದರೆ ಮಾತ್ರ 6 ಸಾಕು, ಅದು ಇದೆ. ಹಾಗಾಗಿ ಮೊದಲ ದಾಳ 3, 4, 5, 6 ಈ ನಾಲ್ಕರಲ್ಲಿ ಒಂದಾಗಬೇಕು. ದಾರಿ ನಾಲ್ಕೇ. ಈ 3 ಎಲ್ಲಿಂದ ಬಂತು? 9 − 6 ರಿಂದ. ನಿಮ್ಮ ಪುಸ್ತಕದ z − 1 ಕೂಡ ಇದೇ ಲೆಕ್ಕ. ಅಲ್ಲಿ 6 ಎರಡನೇ ದಾಳದ ಅತಿ ದೊಡ್ಡ ಸಂಖ್ಯೆ, ಇಲ್ಲಿ 1 Y ಯ ಅತಿ ದೊಡ್ಡ ಬೆಲೆ. ಮೊತ್ತ ದೊಡ್ಡದಾದಾಗ X ತೀರಾ ಚಿಕ್ಕದಾಗಿ ಇರುವಂತಿಲ್ಲ, ಯಾಕೆಂದರೆ ಉಳಿದದ್ದನ್ನು Y ಒಬ್ಬನೇ ತುಂಬಿಕೊಡಲು ಆಗುವುದಿಲ್ಲ.

ಮೊತ್ತ 4 ಆದಾಗ ತೊಂದರೆ ಇನ್ನೊಂದು ತುದಿಯಲ್ಲಿ. ಮೊದಲ ದಾಳ 4 ಆದರೆ ಎರಡನೆಯದು 0 ಆಗಬೇಕು, ಅದಾಗದು. 1, 2, 3 ಮಾತ್ರ ಸಾಧ್ಯ. ಮೊತ್ತ 7 ಆದಾಗ ಯಾವ ತುದಿಯಲ್ಲೂ ತೊಂದರೆ ಇಲ್ಲ, ಆರೂ ದಾರಿ ತೆರೆದಿವೆ. ಅದಕ್ಕೇ 36 ರಲ್ಲಿ 7 ಕ್ಕೆ 6 ಪಾಲು, ಎರಡೂ ಬದಿಗೆ ಒಂದೊಂದೇ ಕಡಿಮೆಯಾಗುತ್ತಾ 2 ಕ್ಕೂ 12 ಕ್ಕೂ ಒಂದೊಂದು ಪಾಲು. ತ್ರಿಕೋನ ಅಲ್ಲೇ ಇದೆ, ಮೆಟ್ಟಿಲು ಮೆಟ್ಟಿಲಾಗಿ.

ಈಗ ಯೂನಿಫಾರ್ಮ್‌ಗೆ ವಾಪಸ್ ಬರೋಣ. ಸೂತ್ರ ಬಿಡಿಸುವ ಮೊದಲು ಎರಡು ಸಂಖ್ಯೆ ಹಾಕಿ ನೋಡಿ. ನಾನು ಯಾವಾಗಲೂ ಹಾಗೇ ಮಾಡುವುದು.

z = 0.6 ಇರಲಿ. x 0.2 ಆದರೆ y 0.4, ಸರಿ. x 0.6 ಆದರೆ y 0, ಅದೂ ಸರಿ. x 0.8 ಆದರೆ y −0.2 ಆಗಬೇಕು. ಅಲ್ಲಿ Y ಯ ಡೆನ್ಸಿಟಿ ಸೊನ್ನೆ, ಗುಣಾಕಾರವೂ ಸೊನ್ನೆ. ಹಾಗಾಗಿ x 0 ಯಿಂದ 0.6 ರವರೆಗೆ ಮಾತ್ರ ಓಡಾಡಬಹುದು. ಆ ಜಾಗದಲ್ಲೆಲ್ಲ ಒಳಗಿರುವುದು 1 × 1 = 1. ಇಂಟಿಗ್ರೇಷನ್ ಅಂದರೆ ಬರೀ ಉದ್ದ ಅಳೆಯುವುದು. ಉತ್ತರ 0.6.

z = 1.4 ಇರಲಿ. x 0.3 ಆದರೆ y 1.1 ಆಗಬೇಕು, ಸಾಧ್ಯವಿಲ್ಲ. x 0.4 ಆದರೆ y ಸರಿಯಾಗಿ 1, ಅಲ್ಲಿಂದ ಬಾಗಿಲು ತೆರೆಯಿತು. x 1 ಆದರೆ y 0.4, ಸರಿ. x ಅದಕ್ಕಿಂತ ಮುಂದೆ ಹೋಗುವಂತಿಲ್ಲ. ಅಂದರೆ 0.4 ರಿಂದ 1 ರವರೆಗೆ. ಉದ್ದ ಮತ್ತೆ 0.6. ಆ 0.4 ಅಂದರೆ 1.4 − 1, ಅಂದರೆ z − 1.

ಇದನ್ನೇ ಅಕ್ಷರದಲ್ಲಿ ಬರೆದರೆ ಹೀಗಾಗುತ್ತದೆ. 0 ≤ z − x ≤ 1 ಎಂಬ ಷರತ್ತನ್ನು x ಗೆ ತಿರುಗಿಸಿ ಬರೆಯಿರಿ: z − 1 ≤ x ≤ z. ಇದರ ಜೊತೆ 0 ≤ x ≤ 1 ಕೂಡ ಇದೆ. ಎರಡೂ ಒಟ್ಟಿಗೆ ನಡೆಯಬೇಕಾದರೆ ಕೆಳಗಿನ ಲಿಮಿಟ್ ಆಗಿ 0 ಮತ್ತು z − 1 ರಲ್ಲಿ ದೊಡ್ಡದನ್ನು ತಗೊಳ್ಳಬೇಕು. ಮೇಲಿನ ಲಿಮಿಟ್ ಆಗಿ 1 ಮತ್ತು z ರಲ್ಲಿ ಚಿಕ್ಕದನ್ನು ತಗೊಳ್ಳಬೇಕು:

max(0, z − 1) ≤ x ≤ min(1, z)

z ಒಂದಕ್ಕಿಂತ ಕಡಿಮೆ ಇದ್ದರೆ z − 1 ಋಣ ಸಂಖ್ಯೆ, ಹಾಗಾಗಿ ಕೆಳಗೆ 0, ಮೇಲೆ z. ಉದ್ದ z. ಒಂದಕ್ಕಿಂತ ಜಾಸ್ತಿ ಇದ್ದರೆ ಕೆಳಗೆ z − 1, ಮೇಲೆ 1. ಉದ್ದ 1 − (z − 1), ಅಂದರೆ 2 − z.

f_Z(z) = z, 0 ≤ z ≤ 1 ಇದ್ದಾಗ
f_Z(z) = 2 − z, 1 ≤ z ≤ 2 ಇದ್ದಾಗ
f_Z(z) = 0, ಉಳಿದ ಕಡೆ

ತಳ 2, ಎತ್ತರ 1 ಇರುವ ತ್ರಿಕೋನ. ವಿಸ್ತೀರ್ಣ ½ × 2 × 1 = 1. ಮೊದಲು ಸೋತ ಪರೀಕ್ಷೆಯಲ್ಲಿ ಈಗ ಪಾಸಾಯಿತು.

ಈ ಲಿಮಿಟ್‌ಗಳನ್ನು ಬಾಯಿಪಾಠ ಮಾಡಬೇಡಿ. ಬದಲಿಗೆ ನೋಟ್‌ಬುಕ್‌ನ ಒಂದು ಹಾಳೆಯಿಂದ ಒಂದೇ ಉದ್ದದ ಎರಡು ಪಟ್ಟಿ ಕತ್ತರಿಸಿ. ಒಂದನ್ನು ಮೇಜಿನ ಮೇಲೆ ಅಂಟಿಸಿಬಿಡಿ, ಅದು X ನ 0 ಯಿಂದ 1. ಇನ್ನೊಂದನ್ನು ಎಡಗಡೆಯಿಂದ ನಿಧಾನಕ್ಕೆ ಅದರ ಮೇಲೆ ಜಾರಿಸುತ್ತಾ ಬನ್ನಿ. ಈ ಎರಡನೇ ಪಟ್ಟಿ z − 1 ರಿಂದ z ವರೆಗಿನ ಜಾಗ, ಅದರ ಬಲ ತುದಿ z. ಬಲ ತುದಿ 0 ಮುಟ್ಟಿದಾಗ ಒಂದರ ಮೇಲೊಂದು ಏನೂ ಬಿದ್ದಿರುವುದಿಲ್ಲ. ಮುಂದೆ ಜಾರಿಸಿದಷ್ಟೂ ಒಂದರ ಮೇಲೊಂದು ಬೀಳುವ ಭಾಗ ಅಷ್ಟಷ್ಟೇ ಹೆಚ್ಚುತ್ತದೆ. z = 1 ಆದಾಗ ಎರಡೂ ಸರಿಯಾಗಿ ಕೂಡುತ್ತವೆ. ಅಲ್ಲಿಂದ ಮುಂದೆ ಪಟ್ಟಿಯ ಎಡ ತುದಿ, ಅಂದರೆ z − 1, ಒಳಗೆ ಬರುತ್ತದೆ ಮತ್ತು ಸೇರಿದ ಭಾಗ ಕಡಿಮೆಯಾಗುತ್ತಾ z = 2 ಕ್ಕೆ ಮುಗಿಯುತ್ತದೆ. ಸೇರಿದ ಭಾಗದ ಉದ್ದವೇ ಡೆನ್ಸಿಟಿ. ಏರಿಕೆ ಇಳಿಕೆ ಎರಡೂ ನೇರ ಗೆರೆಯಾಗಿರುವುದು ಯಾಕೆ ಎಂದು ಕೈಯೇ ಹೇಳುತ್ತದೆ: ಪಟ್ಟಿ ಎಷ್ಟು ಜಾರಿತೋ ಸೇರಿದ ಉದ್ದ ಅಷ್ಟೇ ಬದಲಾಗುತ್ತದೆ.

ಒಂದು ವಿಷಯ ಇಲ್ಲಿ ಮರೆಯಲ್ಲಿ ಉಳಿದುಬಿಡುತ್ತದೆ. f_Y(z − x) ಎಂದಾಗ Y ಯ ಡೆನ್ಸಿಟಿ ಎಡಬಲ ತಿರುಗುತ್ತದೆ, ಯಾಕೆಂದರೆ x ಮುಂದೆ ಒಂದು ಮೈನಸ್ ಇದೆ. ಯೂನಿಫಾರ್ಮ್ ಪಟ್ಟಿ ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಒಂದೇ, ಹಾಗಾಗಿ ತಿರುಗಿದ್ದು ಗೊತ್ತೇ ಆಗುವುದಿಲ್ಲ. ಮುಂದೆ ಒಂದು ಯೂನಿಫಾರ್ಮ್, ಒಂದು ಎಕ್ಸ್‌ಪೊನೆನ್ಷಿಯಲ್ ಕೂಡಿಸುವ ಲೆಕ್ಕ ಬರುತ್ತದೆ. ಅಲ್ಲಿ ತಿರುಗಿಸದೆ ಜಾರಿಸಿದರೆ ಉತ್ತರ ಕೆಡುತ್ತದೆ. ಈಗಲೇ ತಿರುಗಿಸುವ ಅಭ್ಯಾಸ ಮಾಡಿಕೊಳ್ಳಿ.

ಕನ್ವಲ್ಯೂಷನ್ ಮೇಲೆ ಇನ್ನೂ ನಂಬಿಕೆ ಬಂದಿಲ್ಲವಾದರೆ ಅದನ್ನು ಬಿಟ್ಟು ಬೇರೆ ದಾರಿಯಲ್ಲಿ ಬನ್ನಿ. X ಅಡ್ಡಕ್ಕೆ, Y ಉದ್ದಕ್ಕೆ ಇಟ್ಟು ಒಂದು ಚೌಕ ಬರೆಯಿರಿ, ಬಾಹು 1. ಎರಡೂ ಸ್ವತಂತ್ರ ಯೂನಿಫಾರ್ಮ್ ಆದ್ದರಿಂದ ಚೌಕದ ಯಾವ ಭಾಗದ ಸಂಭವನೀಯತೆಯೂ ಆ ಭಾಗದ ವಿಸ್ತೀರ್ಣವೇ. x + y = z ಎಂಬುದು ಓರೆ ಗೆರೆ. z 0.6 ಇದ್ದಾಗ ಅದರ ಕೆಳಗೆ ಮೂಲೆಯಲ್ಲಿ ಒಂದು ಸಣ್ಣ ತ್ರಿಕೋನ ಕಾಣುತ್ತದೆ, ವಿಸ್ತೀರ್ಣ 0.6²/2 = 0.18. ಹೀಗೆ ಒಂದರ ತನಕ P(Z ≤ z) = z²/2. ಅವಕಲಿಸಿದರೆ z. ಒಂದು ದಾಟಿದ ಮೇಲೆ ಮೇಲಿನ ಬಲ ಮೂಲೆಯಲ್ಲಿ ಒಂದು ತ್ರಿಕೋನ ಉಳಿಯುತ್ತದೆ, ಅದರ ಬಾಹು 2 − z. ಅದನ್ನು ಕಳೆದರೆ P(Z ≤ z) = 1 − (2 − z)²/2. ಅವಕಲಿಸಿದರೆ 2 − z. ಅದೇ ಉತ್ತರ. ಇಲ್ಲಿಯೂ ಒಂದು ತಪ್ಪು ಸಾಮಾನ್ಯ: z²/2 ಅನ್ನೇ 2 ರ ತನಕ ಎಳೆದುಕೊಂಡು ಹೋಗುವುದು. z = 2 ಹಾಕಿದರೆ ಸಂಭವನೀಯತೆ 2 ಬರುತ್ತದೆ. ನಿಮ್ಮ ತಪ್ಪಿನ ತಮ್ಮನೇ ಇದು. ಎರಡರಲ್ಲೂ ಚೌಕದ ಗಡಿ ಮರೆತುಹೋಗಿದೆ.

ಚೌಕದ ಚಿತ್ರ ಬರೆದಾಗ "ಸ್ವತಂತ್ರ" ಎಂಬ ಪದಕ್ಕೆ ಎಷ್ಟು ತೂಕ ಇದೆ ಎಂಬುದೂ ಗೊತ್ತಾಗುತ್ತದೆ. ಬಿಂದುಗಳು ಚೌಕದ ತುಂಬ ಸಮನಾಗಿ ಹರಡಿರುವುದು ಸ್ವತಂತ್ರವಾಗಿರುವುದರಿಂದಲೇ. Y ಬದಲು X ನ್ನೇ ಮತ್ತೆ ಕೂಡಿದರೆ? X + X = 2X. ಬಿಂದುಗಳೆಲ್ಲ ಒಂದೇ ಕರ್ಣದ ಮೇಲೆ ಸಾಲಾಗಿ ನಿಲ್ಲುತ್ತವೆ. 2X ನ ಡೆನ್ಸಿಟಿ 0 ಯಿಂದ 2 ರವರೆಗೆ ಸಪಾಟು, ಎತ್ತರ ½. ತ್ರಿಕೋನ ಇಲ್ಲವೇ ಇಲ್ಲ. Y ಬದಲು 1 − X ತಗೊಂಡರೆ ಮೊತ್ತ ಯಾವಾಗಲೂ 1, ಹರಡುವಿಕೆಯೇ ಇಲ್ಲ. ಮೂರೂ ಸಲ X ಕೂಡ ಯೂನಿಫಾರ್ಮ್, ಕೂಡಿಸಿದ್ದೂ ಯೂನಿಫಾರ್ಮ್. ಆದರೂ ಮೂರು ಉತ್ತರ. ಸ್ವತಂತ್ರವಾದಾಗ ವೇರಿಯನ್ಸ್ 1/12 + 1/12 = 1/6, 2X ನ ವೇರಿಯನ್ಸ್ 4/12 = 1/3, ಕೊನೆಯದರದ್ದು ಸೊನ್ನೆ.

ಕಂಪ್ಯೂಟರ್ ಹತ್ತಿರ ಇದ್ದರೆ ಇದನ್ನು ಕಣ್ಣಾರೆ ನೋಡಬಹುದು.

```python
import numpy as np
rng = np.random.default_rng(1)
x = rng.random(100000)
y = rng.random(100000)
for z in (x + y, x + x):
    print(np.mean(z < 0.5), np.mean(z > 1.4))
```

ಮೊದಲ ಸಾಲಿನಲ್ಲಿ 0.125 ಮತ್ತು 0.18 ರ ಹತ್ತಿರದ ಸಂಖ್ಯೆಗಳು ಬರಬೇಕು. ಮೊದಲನೆಯದು 0.5²/2, ಎರಡನೆಯದು 0.6²/2, ಎರಡೂ ತ್ರಿಕೋನದ ಮೂಲೆಗಳು. ಎರಡನೇ ಸಾಲಿನಲ್ಲಿ 0.25 ಮತ್ತು 0.30 ರ ಹತ್ತಿರ ಬರುತ್ತದೆ, ಅದು ಸಪಾಟು ಡೆನ್ಸಿಟಿ. ಲಕ್ಷ ಸಲ ಮಾಡಿದಾಗ ಮೂರನೇ ದಶಮಾಂಶದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಪ್ರಾಜೆಕ್ಟ್‌ನಲ್ಲಿ ಹಿಸ್ಟೋಗ್ರಾಮ್ ತ್ರಿಕೋನದ ಬದಲು ಸಪಾಟಾಗಿ ಬಂದರೆ ಮೊದಲು ನೋಡಬೇಕಾದ್ದು ಇದನ್ನೇ: ಒಂದೇ ರ್‍ಯಾಂಡಮ್ ಸಾಲನ್ನು ಎರಡು ಸಲ ಕೂಡಿಸಿದ್ದೀರಾ ಅಂತ.

ಇದು ಎಲ್ಲಿ ಬಳಕೆಗೆ ಬರುತ್ತದೆ ಎಂದು ನೀವು ಕೇಳಿಲ್ಲ. ಆದರೂ ಒಂದು ಉದಾಹರಣೆ ಪೂರ್ತಿ ಬಿಡಿಸಿ ತೋರಿಸಬೇಕು ಅನಿಸುತ್ತಿದೆ, ಯಾಕೆಂದರೆ ಅದು ನಾವು ದಿನಾ ನೋಡುವ ಕೋಷ್ಟಕಗಳಲ್ಲೇ ಇದೆ. ಸರ್ಕಾರಿ ವರದಿಗಳಲ್ಲಿ ಕೋಷ್ಟಕದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಇರುತ್ತದಲ್ಲ, ಪೂರ್ಣಾಂಕ ಮಾಡಿರುವುದರಿಂದ ಮೊತ್ತ ತಾಳೆಯಾಗದೆ ಇರಬಹುದು ಅಂತ. ಎಷ್ಟು ಸಲ ತಾಳೆಯಾಗುವುದಿಲ್ಲ? ಎರಡೇ ಸಾಲು ಇರುವ ಕೋಷ್ಟಕಕ್ಕೆ ಉತ್ತರ ನಮ್ಮ ತ್ರಿಕೋನದಲ್ಲೇ ಇದೆ.

ಎರಡು ಹೋಬಳಿಗಳಲ್ಲಿ ರಾಗಿ ಬಿತ್ತಿದ ಜಾಗ 12.4 ಮತ್ತು 7.3 ಸಾವಿರ ಹೆಕ್ಟೇರ್ ಅಂದುಕೊಳ್ಳಿ. ಪೂರ್ಣಾಂಕ ಮಾಡಿದರೆ 12 ಮತ್ತು 7. ಓದುವವರು ಕೂಡಿದರೆ 19. ಆದರೆ ನಿಜವಾದ ಮೊತ್ತ 19.7, ಅದನ್ನು ಪೂರ್ಣಾಂಕ ಮಾಡಿದರೆ 20. ಕೋಷ್ಟಕದಲ್ಲಿ 12, 7, ಒಟ್ಟು 20 ಅಂತ ಅಚ್ಚಾಗುತ್ತದೆ. ಯಾರೂ ತಪ್ಪು ಮಾಡಿಲ್ಲ. ಎರಡನೆಯದು 7.8 ಆಗಿದ್ದರೆ? 12 ಮತ್ತು 8, ಕೂಡಿದರೆ 20. ನಿಜವಾದ ಮೊತ್ತ 20.2, ಅದೂ 20. ತಾಳೆಯಾಯಿತು.

ವ್ಯತ್ಯಾಸ ಎಲ್ಲಿದೆ ನೋಡಿ. ಪ್ರತಿ ಸಂಖ್ಯೆಯಿಂದ ಅದರ ಪೂರ್ಣಾಂಕವನ್ನು ಕಳೆದು ಉಳಿದದ್ದನ್ನು e ಅನ್ನೋಣ. ಮೊದಲ ಸಲ 0.4 ಮತ್ತು 0.3, ಕೂಡಿದರೆ 0.7. ಅದು ಅರ್ಧ ದಾಟಿತು, ಹಾಗಾಗಿ ಮೊತ್ತ ಮುಂದಿನ ಪೂರ್ಣಾಂಕಕ್ಕೆ ಜಿಗಿಯಿತು. ಎರಡನೇ ಸಲ 0.4 ಮತ್ತು −0.2, ಕೂಡಿದರೆ 0.2. ಅರ್ಧ ದಾಟಲಿಲ್ಲ. ಅಂದರೆ e₁ + e₂ ಮೈನಸ್ ಅರ್ಧದಿಂದ ಪ್ಲಸ್ ಅರ್ಧದ ಒಳಗಿದ್ದರೆ ತಾಳೆ, ಹೊರಗಿದ್ದರೆ ಒಂದರ ವ್ಯತ್ಯಾಸ.

ಸಂಖ್ಯೆಗಳು ಸಾಕಷ್ಟು ದೊಡ್ಡದಾಗಿದ್ದು ಅವುಗಳ ದಶಮಾಂಶ ಭಾಗಕ್ಕೆ ಯಾವ ಕಡೆಗೂ ಒಲವು ಇಲ್ಲದಿದ್ದರೆ, e ಯನ್ನು −½ ರಿಂದ ½ ವರೆಗಿನ ಯೂನಿಫಾರ್ಮ್ ಎಂದು ತಗೊಳ್ಳಬಹುದು. ಎರಡು ಹೋಬಳಿಯ ದಶಮಾಂಶಗಳಿಗೆ ಒಂದಕ್ಕೊಂದು ಸಂಬಂಧ ಇರಲು ಕಾರಣವೂ ಇಲ್ಲ. ಹಾಗಾದರೆ e₁ + e₂ ನಮ್ಮ Z ಅನ್ನೇ ಒಂದು ಹೆಜ್ಜೆ ಎಡಕ್ಕೆ ಸರಿಸಿದ್ದು: Z − 1. ತ್ರಿಕೋನ ಈಗ −1 ರಿಂದ 1 ರವರೆಗೆ, ತುದಿ ಸೊನ್ನೆಯ ಮೇಲೆ. ½ ರಿಂದ 1 ರವರೆಗಿನ ಮೂಲೆ ಒಂದು ಪುಟ್ಟ ತ್ರಿಕೋನ: ತಳ ½, ಎತ್ತರ ½, ವಿಸ್ತೀರ್ಣ 1/8. ಎಡಗಡೆಯೂ ಅಷ್ಟೇ. ಕೂಡಿದರೆ 1/4. ನಾಲ್ಕರಲ್ಲಿ ಒಂದು ಸಲ ಕೋಷ್ಟಕ ತಾಳೆಯಾಗುವುದಿಲ್ಲ. ಹಾಗಾಗಿ ಎರಡು ಸಾಲಿನ ಕೋಷ್ಟಕದಲ್ಲಿ ಒಂದರ ವ್ಯತ್ಯಾಸ ಕಂಡರೆ ಅದು ಅಪರೂಪದ್ದೇನಲ್ಲ. ಎರಡರ ವ್ಯತ್ಯಾಸ ಕಂಡರೆ ಮಾತ್ರ ಬೇರೆಯೇ ತಪ್ಪು ನಡೆದಿದೆ, ಯಾಕೆಂದರೆ e₁ + e₂ ಒಂದನ್ನು ದಾಟುವಂತೆಯೇ ಇಲ್ಲ.

ಶೇಕಡಾವಾರು ಕೋಷ್ಟಕದಲ್ಲೂ ಇದೇ ತ್ರಿಕೋನ ಬರುತ್ತದೆ. ಮೂರು ಪಾಲು, ಒಟ್ಟು 100. ಉದಾಹರಣೆಗೆ 33.4, 33.3, 33.3. ಪೂರ್ಣಾಂಕ ಮಾಡಿದರೆ 33, 33, 33. ಕೂಡಿದರೆ 99. ಇಲ್ಲಿ ಮೂರು ಸಂಖ್ಯೆ ಇದ್ದರೂ ಸ್ವತಂತ್ರವಾದದ್ದು ಎರಡೇ, ಮೂರನೆಯದು 100 ರಿಂದ ಕಳೆದದ್ದು. ಹಾಗಾಗಿ ಪ್ರಶ್ನೆ ಮತ್ತೆ e₁ + e₂ ಅರ್ಧದೊಳಗೆ ಇದೆಯಾ ಎಂಬುದೇ. ಮೂರು ಪಾಲಿನ ಶೇಕಡಾ ಪಟ್ಟಿ ಸರಿಯಾಗಿ 100 ಆಗುವ ಸಂಭವನೀಯತೆ 3/4. ಸಂಖ್ಯಾಶಾಸ್ತ್ರಜ್ಞ ಫ್ರೆಡರಿಕ್ ಮೊಸ್ಟೆಲರ್ ಮತ್ತು ಜೊತೆಗಾರರು 1967 ರಲ್ಲಿ ಈ ಪ್ರಶ್ನೆಯ ಮೇಲೆಯೇ ಒಂದು ಪ್ರಬಂಧ ಪ್ರಕಟಿಸಿದರು.

ಈ ಲೆಕ್ಕ ಯಾವಾಗ ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಅಂಗಡಿಯ ಬೆಲೆಗಳನ್ನು ತಗೊಳ್ಳಿ. 49.50, 99.50 ಹೀಗೆ ಒಂದೇ ಥರದ ಪೈಸೆಯಲ್ಲಿ ಮುಗಿಯುವ ಬೆಲೆಗಳಾದರೆ e ಒಂದೇ ಕಡೆ ಗುಂಪುಗೂಡುತ್ತದೆ, ಯೂನಿಫಾರ್ಮ್ ಎನ್ನಲು ಬರುವುದಿಲ್ಲ. ಸಂಖ್ಯೆಗಳೆಲ್ಲ 0 ಯಿಂದ 1 ರ ಆಸುಪಾಸಿನ ಚಿಕ್ಕವಾದರೂ ಅಷ್ಟೇ. ಡೇಟಾದಲ್ಲಿ ಒಂದೇ ದಶಮಾಂಶ ಇದ್ದರೆ e ಗೆ ಹತ್ತೇ ಬೆಲೆ, ಆಗ 1/4 ಎಂಬುದು ಅಂದಾಜು ಮಾತ್ರ. ಪರೀಕ್ಷಿಸುವುದು ಸುಲಭ: ಕೂಡಿಸುವ ಮೊದಲು ಬರೀ ದಶಮಾಂಶ ಭಾಗಗಳ ಹಿಸ್ಟೋಗ್ರಾಮ್ ಹಾಕಿ. ಅದು ಸುಮಾರಾಗಿ ಸಪಾಟಾಗಿಲ್ಲದಿದ್ದರೆ ತ್ರಿಕೋನವನ್ನು ನಂಬಬೇಡಿ.

ಇನ್ನು ನಿಮ್ಮ ಪುಸ್ತಕದ ಮುಂದಿನ ಲೆಕ್ಕ ಏನಿರಬಹುದು ಎಂದು ಊಹಿಸಬಲ್ಲೆ: ಎರಡು ಯೂನಿಫಾರ್ಮ್‌ಗಳ ಅಗಲ ಬೇರೆ ಬೇರೆ. ಲಿಮಿಟ್ ಬಾಯಿಪಾಠ ಮಾಡಿದವರು ಮುಗ್ಗರಿಸುವುದು ಅಲ್ಲೇ. ಪಟ್ಟಿ ಜಾರಿಸಿ ನೋಡಿದವರಿಗೆ ಅದು ಸಲೀಸು.

ಬಸ್ಸು 10 ನಿಮಿಷಕ್ಕೊಂದು, ಇಳಿದ ಮೇಲೆ ಮೆಟ್ರೋ 4 ನಿಮಿಷಕ್ಕೊಂದು ಅಂದುಕೊಳ್ಳೋಣ. ಎರಡೂ ಸಮಯಕ್ಕೆ ಸರಿಯಾಗಿ ಬರುತ್ತವೆ, ಬಸ್ಸು ಹತ್ತಿ ಮೆಟ್ರೋ ತಲುಪಲು ಹಿಡಿಯುವ ಹೊತ್ತು ದಿನಾ ಬೇರೆ ಬೇರೆ, ನೀವು ಗಡಿಯಾರ ನೋಡದೆ ಹೋಗುತ್ತೀರಿ. ಬಸ್ಸಿಗೆ ಕಾಯುವುದು 0 ಯಿಂದ 10 ರವರೆಗೆ ಯೂನಿಫಾರ್ಮ್, ಎತ್ತರ 1/10. ಮೆಟ್ರೋಗೆ ಕಾಯುವುದು 0 ಯಿಂದ 4 ರವರೆಗೆ ಯೂನಿಫಾರ್ಮ್, ಎತ್ತರ 1/4. ಒಟ್ಟು ಕಾಯುವ ಸಮಯದ ಡೆನ್ಸಿಟಿ ಬೇಕು.

10 ಉದ್ದದ ಪಟ್ಟಿ ಮೇಜಿನ ಮೇಲೆ, 4 ಉದ್ದದ ಪಟ್ಟಿ ಜಾರುತ್ತದೆ. ಒಳಗಿರುವ ಗುಣಾಕಾರ ಈಗ 1/10 × 1/4 = 1/40. ಅದನ್ನು ಸೇರಿದ ಉದ್ದದಿಂದ ಗುಣಿಸಬೇಕು. ಮೊದಲ 4 ನಿಮಿಷ ಸೇರಿದ ಉದ್ದ ಏರುತ್ತದೆ, ಡೆನ್ಸಿಟಿ z/40. ಆಮೇಲೆ ಚಿಕ್ಕ ಪಟ್ಟಿ ಪೂರ್ತಿ ದೊಡ್ಡದರ ಮೇಲೆ ಬಂದುಬಿಡುತ್ತದೆ. 4 ರಿಂದ 10 ರವರೆಗೆ ಎಷ್ಟು ಜಾರಿಸಿದರೂ ಸೇರಿದ ಉದ್ದ 4 ಮಾತ್ರ. ಡೆನ್ಸಿಟಿ 4/40, ಅಂದರೆ 1/10, ಸಪಾಟು. 10 ದಾಟಿದ ಮೇಲೆ ಚಿಕ್ಕ ಪಟ್ಟಿ ಬಲಗಡೆ ಹೊರಬೀಳುತ್ತಾ ಡೆನ್ಸಿಟಿ (14 − z)/40 ಆಗಿ ಇಳಿಯುತ್ತದೆ. ಇದು ತ್ರಿಕೋನವಲ್ಲ, ತಲೆ ಕತ್ತರಿಸಿದಂತಿರುವ ತ್ರಾಪಿಜ್ಯ. ವಿಸ್ತೀರ್ಣ ನೋಡಿ: ಎರಡು ಬದಿಯ ಇಳಿಜಾರು ತಲಾ ½ × 4 × 1/10 = 0.2, ನಡುವಿನ ಸಪಾಟು 6 × 1/10 = 0.6. ಒಟ್ಟು 1.

12 ನಿಮಿಷಕ್ಕಿಂತ ಜಾಸ್ತಿ ಕಾಯುವ ಸಂಭವನೀಯತೆ ಎಷ್ಟು? ಬಲ ತುದಿಯ ಪುಟ್ಟ ತ್ರಿಕೋನ. ತಳ 2, ಎತ್ತರ 2/40 = 0.05. ವಿಸ್ತೀರ್ಣ 0.05. ಇಪ್ಪತ್ತರಲ್ಲಿ ಒಂದು ಸಲ.

ಎರಡು ಅಗಲ ಒಂದೇ ಆದಾಗ ನಡುವಿನ ಸಪಾಟು ಭಾಗಕ್ಕೆ ಜಾಗವೇ ಇರುವುದಿಲ್ಲ, ಎರಡು ಇಳಿಜಾರು ನೇರವಾಗಿ ಕೂಡಿ ತ್ರಿಕೋನವಾಗುತ್ತದೆ. ಅಂದರೆ ನಿಮ್ಮ ತ್ರಿಕೋನ ಈ ತ್ರಾಪಿಜ್ಯದ ವಿಶೇಷ ಸಂದರ್ಭ. ಬಸ್ಸಿನ ಲೆಕ್ಕಕ್ಕೂ ಒಂದು ಎಚ್ಚರಿಕೆ ಬೇಕು. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಒಂದರ ಹಿಂದೆ ಒಂದು ಮೂರು ಬಸ್ಸು ಒಟ್ಟಿಗೆ ಬಂದು ಆಮೇಲೆ ಅರ್ಧ ಗಂಟೆ ಒಂದೂ ಇಲ್ಲ ಅಂದರೆ ಕಾಯುವ ಸಮಯ ಯೂನಿಫಾರ್ಮ್ ಆಗಿ ಉಳಿಯುವುದಿಲ್ಲ. ಬಸ್ಸಿನ ಸಮಯ ನೋಡಿಕೊಂಡೇ ಮೆಟ್ರೋ ಬಿಡುವ ವ್ಯವಸ್ಥೆ ಇದ್ದರೆ ಎರಡೂ ಸ್ವತಂತ್ರವಲ್ಲ. ಎರಡರಲ್ಲಿ ಯಾವುದು ತಪ್ಪಿದರೂ ಮೇಲಿನ ಲೆಕ್ಕ ನಡೆಯುವುದಿಲ್ಲ.

ಇದೇ ಪಟ್ಟಿಯಿಂದ ಮೂರನೇ ಯೂನಿಫಾರ್ಮ್ ಕೂಡಿಸುವುದನ್ನೂ ಮಾಡಬಹುದು. ಈ ಸಲ ಮೇಜಿನ ಮೇಲೆ ಇರುವುದು ತ್ರಿಕೋನ, ಅದರ ಮೇಲೆ 1 ಉದ್ದದ ಪಟ್ಟಿ ಜಾರುತ್ತದೆ. ಪಟ್ಟಿಯ ಕೆಳಗೆ ಸಿಕ್ಕಿದ ತ್ರಿಕೋನದ ವಿಸ್ತೀರ್ಣವೇ ಹೊಸ ಡೆನ್ಸಿಟಿ. ಪಟ್ಟಿಯ ಬಲ ತುದಿ 1.5 ಕ್ಕೆ ಬಂದಾಗ ಅದು 0.5 ರಿಂದ 1.5 ರವರೆಗೆ ಮುಚ್ಚುತ್ತದೆ. ಹೊರಗೆ ಉಳಿಯುವುದು ಎರಡು ಮೂಲೆ, ತಲಾ 1/8. ಹಾಗಾಗಿ ನಡುವಿನ ಎತ್ತರ 3/4. ಇಲ್ಲಿ ತ್ರಿಕೋನದ ಚೂಪು ತುದಿ ಮಾಯವಾಗಿ ಗುಡ್ಡದ ಥರ ದುಂಡಗಾಗಿರುತ್ತದೆ. z 0 ಯಿಂದ 1, 1 ರಿಂದ 2, 2 ರಿಂದ 3 ಹೀಗೆ ಮೂರು ತುಂಡು ಮಾಡಿ ಉಳಿದದ್ದನ್ನು ನೀವೇ ಬರೆಯಿರಿ. ಮೊದಲ ತುಂಡು z²/2 ಬಂದರೆ ನಿಮ್ಮ ಲಿಮಿಟ್ ಸರಿಯಾಗಿದೆ.